ಆರು ಜನ, ನಾಲ್ಕು ಸಿನಿಮಾ, ಒಂದು ಊರು

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಹತ್ತನೇ ಕ್ಲಾಸಿನ ಪ್ರಬಂಧ ಆದಮೇಲೆ ಇದೇ ಮೊದಲು. ಹಾಗಾಗಿ ನಾನು ಮಾತಾಡೋ ಥರಾನೇ ಬರೀತೀನಿ, ಒತ್ತಕ್ಷರ ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ನಮ್ಮ ಗುಂಪಿನಲ್ಲಿ ಐದು ಜನ. ಯಾರನ್ನೂ ಹೆಸರು ಹಿಡಿದು ಕರೆಯಲ್ಲ, ಊರಿನ ಹೆಸರೇ ಎಲ್ಲರ ಹೆಸರು. ಮಂಡ್ಯಕ್ಕೆ ಸ್ಕ್ರೀನಿನಲ್ಲಿ ಲಾಂಗು ಮಚ್ಚು ಕಾಣಬೇಕು. ಹುಬ್ಬಳ್ಳಿಗೆ ದೆವ್ವ ಇಲ್ಲಾ ಕೊಲೆ ಬೇಕು. ಕುಂದಾಪುರ ನಮ್ಮ ಗುಂಪಿನ ಒಬ್ಬಳೇ ಹುಡುಗಿ. ಅವಳಿಗೆ ಯಾರೂ ಜಾಸ್ತಿ ಮಾತಾಡದ, ಮಳೆ ಸುಮ್ಮನೆ ಸುರೀತಿರೋ ಸಿನಿಮಾ ಇಷ್ಟ. ಪಟ್ನಾಗೆ ಕಾಮಿಡಿ ಇಷ್ಟ, ಆದರೆ ಕನ್ನಡ ಬರಲ್ಲ. ಬೆಂಗಳೂರಿಗೆ ಬಂದು ಒಂದೂವರೆ ವರ್ಷ ಆದರೂ ಅವನ ಕನ್ನಡ 'ಗೊತ್ತಿಲ್ಲ' ಮತ್ತು 'ಒಂದು ಚಾಯ್ ಕೊಡಿ'ಗೆ ನಿಂತಿತ್ತು. ನಾನು ಬೇಗೂರು. ಏನು ಹಾಕಿದ್ರೂ ನೋಡ್ತೀನಿ, ಅದಕ್ಕೇ ಪ್ಲಾನ್ ಮಾಡೋ ಕೆಲಸ ನನ್ನ ತಲೆಗೇ ಬಂತು.

ಈ ಸಲ ಪ್ಲಾನ್ ಸರಿಯಾಗಿ ಆಗಲೇಬೇಕು ಅನ್ನೋದಕ್ಕೆ ಒಂದು ಕಾರಣ ಇತ್ತು. ಗುಂಪಿನ ಸಿನಿಮಾ ಅಂದ್ರೆ ಪ್ರತಿ ಸಲ ವಾಟ್ಸಾಪ್‌ನಲ್ಲಿ ಪೋಲ್ ಹಾಕ್ತಿದ್ವಿ, ಜಾಸ್ತಿ ಓಟು ಬಿದ್ದಿದ್ದನ್ನ ನೋಡ್ತಿದ್ವಿ. ಮೂರು ಸಲ ಹಾಗೇ ಆಯ್ತು. ಮೂರು ಸಲವೂ ಪಟ್ನಾ ಇಂಟರ್‌ವಲ್ ಹೊತ್ತಿಗೆ ಮೂಲೆಯಲ್ಲಿ ಕೂತು ಫೋನ್ ನೋಡ್ತಿದ್ದ. ಆಮೇಲೆ ಶನಿವಾರ ಆದ್ರೆ ಸಾಕು, ಪೀಣ್ಯದಲ್ಲಿರೋ ಅವನ ಕಸಿನ್ ರೂಮಿಗೆ ಹೋಗೋಕೆ ಶುರು ಮಾಡಿದ. ಮುಂದಿನ ಸೆಮ್‌ಗೆ ಪ್ರಾಜೆಕ್ಟ್ ಟೀಮ್ ಹೆಸರು ಕೊಡೋ ಟೈಮ್ ಬಂದಿತ್ತು. ಯಾರ ಜೊತೆ ಸೇರ್ತೀಯಾ ಅಂದ್ರೆ 'ದೇಖ್ತೇ ಹೈಂ' ಅಂದ. ಅವನು ಜಗಳ ಏನೂ ಆಡಲಿಲ್ಲ, ಮೆಲ್ಲಗೆ ದೂರ ಹೋಗ್ತಿದ್ದ.

ಪೋಲ್‌ನ ಸಮಸ್ಯೆ ಏನು ಅಂತ ಕೂತು ಯೋಚನೆ ಮಾಡಿದರೆ ಗಣಿತ ಸಿಂಪಲ್. ಐದು ಜನರಲ್ಲಿ ಮೂರು ಜನರ ಟೇಸ್ಟ್ ಹತ್ತಿರ ಹತ್ತಿರ ಇದ್ದರೆ ಪ್ರತಿ ಸಲ ಅವರೇ ಗೆಲ್ತಾರೆ. ಒಂದೇ ಸಿನಿಮಾ ಆದರೆ ಪರವಾಗಿಲ್ಲ, ಸೋತವನು ಮುಂದಿನ ವಾರ ಗೆಲ್ತೀನಿ ಅಂತ ಸುಮ್ಮನಿರ್ತಾನೆ. ಮ್ಯಾರಥಾನ್‌ನಲ್ಲಿ ನಾಲ್ಕು ಸಿನಿಮಾಗೂ ಪೋಲ್ ಹಾಕಿದರೆ ಒಬ್ಬನೇ ಎರಡು ದಿನದಲ್ಲಿ ನಾಲ್ಕು ಸಲ ಸೋಲ್ತಾನೆ.

ಅಪ್ಪ ಅಮ್ಮ ಶನಿವಾರ, ಭಾನುವಾರ ಮದುವೆಗೆ ಹೋಗೋರಿದ್ರು. ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ಅಜ್ಜಿ ಕುಂದಾಪುರದ ಅಮ್ಮನ ಹತ್ತಿರ ಫೋನಲ್ಲಿ ಕಾಲು ಗಂಟೆ ಮಾತಾಡಿ, 'ನಿಮ್ಮ ಮಗಳು ನನ್ನ ಪಕ್ಕದಲ್ಲೇ ಮಲಗ್ತಾಳೆ ಕಣಮ್ಮ' ಅಂದಮೇಲೆ ಅವಳಿಗೂ ಪರ್ಮಿಷನ್ ಸಿಕ್ತು. ಫೋನ್ ಇಟ್ಟು ಅಜ್ಜಿ ಹೇಳಿದ್ದು, 'ನನಗೂ ಒಂದು ಓಟು ಬೇಕು.' ಹೀಗೆ ಆರು ಜನ ಆದ್ವಿ.

ಮೊದಲ ಕೆಲಸ ಥೀಮ್. ಸಾಮಾನ್ಯವಾಗಿ ಥೀಮ್ ಅಂದ್ರೆ ಹಾರರ್ ನೈಟ್, ಕಾಮಿಡಿ ನೈಟ್ ಅಂತಾರೆ, ಇಲ್ಲಾ ಒಬ್ಬ ಹೀರೋ. ಟೇಸ್ಟ್ ಬೇರೆ ಬೇರೆ ಇರೋ ಗುಂಪಿಗೆ ಅದು ಕೆಲಸಕ್ಕೆ ಬರಲ್ಲ, ಯಾಕಂದ್ರೆ ಜಾನರ್ ಆರಿಸಿದ ಕ್ಷಣವೇ ಅರ್ಧ ಜನ ಹೊರಗೆ. ನಮಗೆ ಬೇಕಿದ್ದಿದ್ದು ಎಲ್ಲಾ ಜಾನರ್‌ಗೂ ಬಾಗಿಲು ಇರೋ ಥೀಮ್. ಜಾಗ, ಋತು, ಒಂದು ವಸ್ತು, ಈ ಥರದ್ದು. ಮಂಡ್ಯಕ್ಕೂ ಹುಬ್ಬಳ್ಳಿಗೂ ಯಾವಾಗಲೂ ಒಂದು ಜಗಳ ಇದ್ದೇ ಇರುತ್ತೆ, ಬೇಗೂರು ಬೆಂಗಳೂರು ಹೌದೋ ಅಲ್ವೋ ಅಂತ. ಅದಕ್ಕೆ ನನ್ನ ಉತ್ತರ ರೆಡಿ ಇರುತ್ತೆ: ನಮ್ಮೂರ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕಿರೋ ಸುಮಾರು 890ರ ವೀರಗಲ್ಲಿನಲ್ಲೇ ಬೆಂಗಳೂರು ಕಾಳಗ ಅಂತ ಕೆತ್ತಿದ್ದಾರೆ. ಕೆಂಪೇಗೌಡರಿಗಿಂತ ಆರು ನೂರು ವರ್ಷ ಹಿಂದೆ. ಆ ಜಗಳದಿಂದಲೇ ಥೀಮ್ ಬಂತು: ಬೆಂಗಳೂರು. ಕಥೆ ಈ ಊರಿನಲ್ಲೇ ನಡೀಬೇಕು, ಊರು ತೆಗೆದುಬಿಟ್ಟರೆ ಕಥೆ ನಿಲ್ಲಬಾರದು.

ಥೀಮ್‌ನಿಂದ ಇನ್ನೊಂದು ಉಪಕಾರ ಆಯ್ತು. ಬೇಡ ಅನ್ನೋ ಕೆಲಸ ನನಗೆ ತಪ್ಪಿತು. ಕುಂದಾಪುರ 1977ರ 'ಘಟಶ್ರಾದ್ಧ' ಕೇಳಿದಳು, ಆಮೇಲೆ 'ಉಳಿದವರು ಕಂಡಂತೆ' ಕೇಳಿದಳು. ಒಂದು ಅಗ್ರಹಾರದ ಕಥೆ, ಇನ್ನೊಂದು ಮಲ್ಪೆ ಕಡೆ ಕಥೆ. ಅವಳೇ ಎರಡು ನಿಮಿಷ ಯೋಚನೆ ಮಾಡಿ ತೆಗೆದುಹಾಕಿದಳು. ನಾನೇ ಬೇಡ ಅಂದಿದ್ರೆ ಮೂರು ದಿನ ಮಾತು ಬಿಡ್ತಿದ್ಲು.

ಆಮೇಲೆ ಆಯ್ಕೆ. ಒಬ್ಬೊಬ್ಬರು ಎರಡೆರಡು ಹೆಸರು ಕೊಟ್ಟರು. ಪ್ರತಿ ಹೆಸರಿಗೆ ಎರಡು ಸಾಲು ಕಥೆ ಬರೆದು ಶೀಟ್‌ನಲ್ಲಿ ಹಾಕಿದೆ. ಎಲ್ಲರೂ ಸೊನ್ನೆಯಿಂದ ಮೂರರ ತನಕ ಅಂಕ ಕೊಡಬೇಕು. ಮೂರು ಅಂದ್ರೆ ನೋಡಲೇಬೇಕು, ಒಂದು ಅಂದ್ರೆ ನೀವು ಹಾಕಿದ್ರೆ ಕೂರ್ತೀನಿ, ಸೊನ್ನೆ ಅಂದ್ರೆ ಎದ್ದು ಹೋಗ್ತೀನಿ. ಇಲ್ಲಿ ಮುಖ್ಯ ವಿಷಯ, ಒಟ್ಟು ಅಂಕ ನೋಡೋ ಮೊದಲು ಅತಿ ಕಡಿಮೆ ಅಂಕ ನೋಡಬೇಕು.

ಉದಾಹರಣೆಗೆ ಮಂಡ್ಯ ಕೊಟ್ಟಿದ್ದು 'ಓಂ'. 1995ರಲ್ಲಿ ಉಪೇಂದ್ರ ಮಾಡಿದ್ದು, ಶಿವರಾಜ್‌ಕುಮಾರ್ ಅವರದ್ದು, ಬೆಂಗಳೂರು ರೌಡಿಗಳ ಕಥೆ. ಮಂಡ್ಯ, ಹುಬ್ಬಳ್ಳಿ, ನಾನು ಮೂರೂ ಜನ ಮೂರು ಮೂರು ಕೊಟ್ವಿ. ಪಟ್ನಾ, ಅಜ್ಜಿ ಒಂದೊಂದು. ಕುಂದಾಪುರ ಸೊನ್ನೆ. ಒಟ್ಟು 11. ಇನ್ನೊಂದು ಹೆಸರು 'ಆ ದಿನಗಳು', 2007ರದ್ದು, ಕೆ.ಎಂ. ಚೈತನ್ಯ ನಿರ್ದೇಶನ. ಅದೂ ಬೆಂಗಳೂರಿನ ಭೂಗತ ಲೋಕವೇ, ಅಗ್ನಿ ಶ್ರೀಧರ್ ಅವರ ಪುಸ್ತಕದಿಂದ ಬಂದಿದ್ದು, ಜಯರಾಜ್, ಕೊತ್ವಾಲ್ ಕಾಲದ ಕಥೆ. ಆದರೆ ಅದರಲ್ಲಿ ಹೊಡೆದಾಟಕ್ಕಿಂತ ಕಾಯೋದು ಜಾಸ್ತಿ. ಚಿತ್ರಕಥೆಯಲ್ಲಿ ಗಿರೀಶ್ ಕಾರ್ನಾಡ್ ಹೆಸರೂ ಇದೆ, ಅದನ್ನ ನೋಡಿ ಕುಂದಾಪುರ ಎರಡು ಕೊಟ್ಟಳು. ನಾವು ಮೂರು ಜನ ಹುಡುಗರೂ ಎರಡೆರಡು, ಪಟ್ನಾ, ಅಜ್ಜಿ ಒಂದೊಂದು. ಒಟ್ಟು 10. ಪೋಲ್ ಆಗಿದ್ರೆ 'ಓಂ' ಗೆಲ್ತಿತ್ತು, ಕುಂದಾಪುರ ಎದ್ದು ಹೋಗ್ತಿದ್ಲು. ನಮ್ಮ ಲೆಕ್ಕದಲ್ಲಿ 'ಆ ದಿನಗಳು' ಗೆದ್ದಿತು. ಒಂದು ಅಂಕ ಕಳೆದುಕೊಂಡು ಒಬ್ಬಳನ್ನ ಉಳಿಸಿಕೊಂಡ್ವಿ.

ಆದರೆ ಕಡಿಮೆ ಅಂಕ ಮಾತ್ರ ನೋಡಿದರೆ ಇನ್ನೊಂದು ತೊಂದರೆ. ಯಾರಿಗೂ ಬೇಜಾರಿಲ್ಲದ, ಯಾರಿಗೂ ಖುಷಿಯೂ ಇಲ್ಲದ ಸಿನಿಮಾಗಳೇ ತುಂಬಿಕೊಳ್ತವೆ. ಎಲ್ಲಾ ಕಡೆ ಒಂದು, ಎರಡು ಇದ್ದರೆ ಅದು ಬಸ್ಸಿನಲ್ಲಿ ಹಾಕೋ ಸಿನಿಮಾ. ಅದಕ್ಕೆ ಎರಡನೇ ರೂಲ್ ಹಾಕಿದ್ವಿ: ನಾಲ್ಕರಲ್ಲಿ ಒಂದಾದರೂ ಸಿನಿಮಾಗೆ ಪ್ರತಿಯೊಬ್ಬರೂ ಮೂರು ಕೊಟ್ಟಿರಬೇಕು. ಮಂಡ್ಯಕ್ಕೆ 'ಆ ದಿನಗಳು' ಎರಡೇ ಆಗಿದ್ದರಿಂದ ಅವನ ಮೂರು ಎಲ್ಲಾದರೂ ಸಿಗಬೇಕಿತ್ತು. ಹುಬ್ಬಳ್ಳಿ ಕೊಟ್ಟಿದ್ದ 'ಯು ಟರ್ನ್'ಗೆ ಅವನೂ ಮೂರು ಕೊಟ್ಟಿದ್ದ, ಬಚಾವ್.

ಕಷ್ಟ ಆಗಿದ್ದು ಕಾಮಿಡಿ. ಅಜ್ಜಿ ಹೇಳಿದ್ದು 'ಗಣೇಶನ ಮದುವೆ', 1990ರದ್ದು, ಫಣಿ ರಾಮಚಂದ್ರ, ಅನಂತ್ ನಾಗ್. ಬೆಂಗಳೂರಿನ ವಠಾರದ ಕಥೆ, ಥೀಮ್‌ಗೆ ಅದಕ್ಕಿಂತ ಬೇಕಾ? ನಮ್ಮ ಮನೇಲಿ ಡೈಲಾಗ್ ಬಾಯಿಪಾಠ. ಆದರೆ ಅದರ ನಗು ಇರೋದೆಲ್ಲ ಮಾತಿನಲ್ಲಿ. ಸಬ್‌ಟೈಟಲ್ ಇದ್ದರೂ ಪ್ರಯೋಜನ ಕಡಿಮೆ, ಯಾಕಂದ್ರೆ ಓದೋನು ಮಾತು ಮುಗಿಯೋ ಮೊದಲೇ ಓದಿರ್ತಾನೆ, ಇಲ್ಲಾ ಎಲ್ಲರೂ ನಕ್ಕಾದಮೇಲೆ ಓದ್ತಾನೆ. ಥ್ರಿಲ್ಲರ್‌ನಲ್ಲಿ ಒಂದು ಸೆಕೆಂಡ್ ಹಿಂದೆ ಮುಂದೆ ಆದರೂ ಭಯ ಬರುತ್ತೆ, ಕಾಮಿಡಿಯಲ್ಲಿ ಒಂದು ಸೆಕೆಂಡ್ ತಡ ಆದರೆ ನಗು ಹೋಯ್ತು. ಐದು ಜನ ಬಿದ್ದು ಬಿದ್ದು ನಗುವಾಗ ಒಬ್ಬನೇ ಸುಮ್ಮನೆ ಕೂರೋದು ಎಷ್ಟು ಒಂಟಿತನ ಅಂತ ಪಟ್ನಾನ ಮುಖದಲ್ಲಿ ನಾವು ಮೂರು ಸಲ ನೋಡಿದ್ವಿ.

ಇದಕ್ಕೆ ಉತ್ತರ ಕೊಟ್ಟಿದ್ದೂ ಅಜ್ಜಿನೇ. 'ಹಾಗಾದ್ರೆ ಮಾತೇ ಇಲ್ಲದ್ದು ಹಾಕು, ಪುಷ್ಪಕ ವಿಮಾನ.' 1987ರ ಸಿನಿಮಾ, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ನಮ್ಮ ಶೃಂಗಾರ್ ನಾಗರಾಜ್ ನಿರ್ಮಾಣ, ಕಮಲ್ ಹಾಸನ್, ಅಮಲಾ. ಶೂಟಿಂಗ್ ಆಗಿದ್ದು ಬೆಂಗಳೂರಿನಲ್ಲಿ, ಆ ದೊಡ್ಡ ಹೋಟೆಲ್ ನಮ್ಮ ವಿಂಡ್ಸರ್ ಮ್ಯಾನರ್. ಇಡೀ ಸಿನಿಮಾದಲ್ಲಿ ಡೈಲಾಗ್ ಇಲ್ಲ. ಕೆಲಸ ಇಲ್ಲದ ಹುಡುಗನೊಬ್ಬ ರಸ್ತೆಯಲ್ಲಿ ಕುಡಿದು ಬಿದ್ದ ಶ್ರೀಮಂತನ ರೂಮ್ ಕೀ ತಗೊಂಡು ಆ ಹೋಟೆಲಿನಲ್ಲಿ ಹೋಗಿ ಇರ್ತಾನೆ. ಪಟ್ನಾಗೆ ಹೇಳಿದರೆ 'ಅರೇ, ಪುಷ್ಪಕ್!' ಅಂದ. ಹಿಂದಿಯಲ್ಲಿ ಆ ಹೆಸರಲ್ಲೇ ಬಂದಿತ್ತಂತೆ, ಅವರಪ್ಪ ಟೀವಿಯಲ್ಲಿ ನೋಡಿ ಅವನಿಗೆ ಕಥೆ ಹೇಳಿದ್ರಂತೆ. ಅಜ್ಜಿ ಮೂರು, ಪಟ್ನಾ ಮೂರು. ಅವರಿಬ್ಬರೂ ಒಂದೇ ಸಿನಿಮಾಗೆ ಮೂರು ಕೊಟ್ಟಿದ್ದು ಅದೇ ಮೊದಲ ಸಲ.

ನಾಲ್ಕನೆಯದು ಕುಂದಾಪುರದ ಮೂರು, ನನ್ನದೂ ಮೂರು: 'ಗೋಧಿ ಬಣ್ಣ ಸಾಧಾರಣ ಮೈಕಟ್ಟು', ಹೇಮಂತ್ ರಾವ್, 2016. ಮರೆವಿನ ಕಾಯಿಲೆ ಇರೋ ಅಪ್ಪ ಬೆಂಗಳೂರಿನಲ್ಲಿ ಕಳೆದುಹೋಗ್ತಾರೆ, ಮಗ ಹುಡುಕ್ತಾನೆ. ಇದಕ್ಕೆ ಪಟ್ನಾ ಒಂದು ಕೊಟ್ಟಿದ್ದ.

ಈಗ ಯಾವುದನ್ನ ಯಾವಾಗ ಹಾಕೋದು. ನಾಲ್ಕೂ ಸೇರಿದರೆ ಹತ್ತಿರ ಹತ್ತಿರ ಒಂಬತ್ತು ಗಂಟೆ. ಒಂದೇ ದಿನ ನೋಡಬಹುದು, ಆದರೆ ಮೂರನೇ ಸಿನಿಮಾ ಹೊತ್ತಿಗೆ ಎಲ್ಲರೂ ಕೂತಿರ್ತಾರೆ ಅಷ್ಟೆ, ನೋಡ್ತಿರಲ್ಲ. ದಿನಕ್ಕೆ ಎರಡು, ನಡುವೆ ಕಮ್ಮಿ ಅಂದ್ರೂ ಎರಡು ಗಂಟೆ ಗ್ಯಾಪ್ ಅಂತ ಇಟ್ಕೊಂಡ್ವಿ. ಶನಿವಾರ ಸಾಯಂಕಾಲ ನಾಲ್ಕಕ್ಕೆ 'ಪುಷ್ಪಕ ವಿಮಾನ', ಯಾಕಂದ್ರೆ ಮೊದಲ ಸಿನಿಮಾದಲ್ಲೇ ಯಾರೂ ಹೊರಗಿನವರು ಅನ್ನಿಸಬಾರದು. ರಾತ್ರಿ ಎಂಟೂವರೆಗೆ 'ಯು ಟರ್ನ್', ಕತ್ತಲೆ ಇದ್ದರೇ ಅದಕ್ಕೆ ಮಜಾ. ನಿಧಾನದ ಸಿನಿಮಾ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಿಧಾನದ ಸಿನಿಮಾವನ್ನ ಊಟ ಆದಮೇಲೆ ಹಾಕಿದರೆ ನಿದ್ದೆ, ಆಮೇಲೆ ಬೈಗುಳ ಸಿನಿಮಾಗೆ ಬೀಳುತ್ತೆ. ಅನ್ನ ಸಾರಿನ ತಪ್ಪಿಗೆ ನಿರ್ದೇಶಕರನ್ನ ಬೈದ ಹಾಗೆ. ಮಧ್ಯಾಹ್ನ ಮೂರೂವರೆಗೆ 'ಆ ದಿನಗಳು', ಆರಕ್ಕೆ ಮುಗಿದರೆ ಕುಂದಾಪುರ ಹಾಸ್ಟೆಲ್ ಗೇಟ್ ಹಾಕೋ ಮೊದಲು ಸೇರ್ಕೊಳ್ತಾಳೆ.

ಗುರುವಾರ ರಾತ್ರಿ ನಾನು, ಹುಬ್ಬಳ್ಳಿ ಕೂತು ಸಬ್‌ಟೈಟಲ್ ಚೆಕ್ ಮಾಡಿದ್ವಿ. ಇದನ್ನ ಯಾರೂ ಬಿಡಬೇಡಿ. 'ಆ ದಿನಗಳು' ಮಾವನ ಹಳೇ ಡಿವಿಡಿ, ಸಬ್‌ಟೈಟಲ್ ಬೇರೆ ಫೈಲ್. ಶುರುವಿನಲ್ಲಿ ಕರೆಕ್ಟಾಗಿತ್ತು. ಹತ್ತು ನಿಮಿಷ ಆದಮೇಲೆ ನೋಡಿದರೆ 24 ಸೆಕೆಂಡ್ ವ್ಯತ್ಯಾಸ. ವ್ಯತ್ಯಾಸ ಎಲ್ಲಾ ಕಡೆ ಒಂದೇ ಇದ್ದರೆ ಸುಲಭ, VLC ಪ್ಲೇಯರ್‌ನಲ್ಲಿ G ಮತ್ತು H ಒತ್ತುತ್ತಾ ಹಿಂದೆ ಮುಂದೆ ಸರಿಸಬಹುದು. ಆದರೆ ಹೋಗ್ತಾ ಹೋಗ್ತಾ ಬೆಳೀತಿದ್ದರೆ ಕಾರಣ ಬೇರೆ. ಸಿನಿಮಾ ಸೆಕೆಂಡಿಗೆ 25 ಫ್ರೇಮ್ ಓಡ್ತಿದೆ, ಸಬ್‌ಟೈಟಲ್ ಮಾಡಿದವರು 24ರ ಕಾಪಿಗೆ ಮಾಡಿದ್ದಾರೆ. ನೂರಕ್ಕೆ ನಾಲ್ಕು ವ್ಯತ್ಯಾಸ, 600 ಸೆಕೆಂಡಿಗೆ 24. ಎರಡು ಗಂಟೆ ಹೊತ್ತಿಗೆ ಐದು ನಿಮಿಷ ಹತ್ತಿರ ಆಗುತ್ತೆ, ಸತ್ತವನು ಸಬ್‌ಟೈಟಲ್‌ನಲ್ಲಿ ಇನ್ನೂ ಮಾತಾಡ್ತಿರ್ತಾನೆ. ಹುಬ್ಬಳ್ಳಿ ಫೈಲಿನ ಎಲ್ಲಾ ಟೈಮನ್ನೂ 24/25ರಿಂದ ಗುಣಿಸಿ ಸರಿ ಮಾಡಿದ. ಅದಕ್ಕೇ ಚೆಕ್ ಮಾಡುವಾಗ ಶುರುವಿನಲ್ಲಿ ಒಂದು ಸಲ, ಒಂದೂವರೆ ಗಂಟೆ ದಾಟಿದಮೇಲೆ ಇನ್ನೊಂದು ಸಲ ನೋಡಬೇಕು.

ಶನಿವಾರ. 'ಪುಷ್ಪಕ ವಿಮಾನ'ಕ್ಕೆ ಚಿಪ್ಸ್, ಚುರುಮುರಿ ಬ್ಯಾನ್. ಮಾತಿಲ್ಲದ ಸಿನಿಮಾದಲ್ಲಿ ಶಬ್ದವೇ ಡೈಲಾಗ್, ಪಕ್ಕದವನ ಕರುಂ ಕುರುಂ ಕೇಳಿದರೆ ಅರ್ಧ ಕಥೆ ಹೋಯ್ತು. ಎಲ್ಲರಿಗೂ ಬನ್ನು, ಬಾಳೆಹಣ್ಣು. ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ಹೀರೋಗೆ ನಿದ್ದೆ ಬರಲ್ಲ. ತನ್ನ ಹಳೇ ರೂಮಿನ ಗಲಾಟೆಯನ್ನ ಟೇಪ್‌ನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದು, ಅದನ್ನ ಹಾಕ್ಕೊಂಡು ನಿದ್ದೆ ಮಾಡ್ತಾನೆ. ಅಲ್ಲಿ ಎಲ್ಲರಿಗಿಂತ ಮೊದಲು ನಕ್ಕಿದ್ದು ಪಟ್ನಾ. ನಮ್ಮ ಜೊತೆ ಅಲ್ಲ, ನಮಗಿಂತ ಮೊದಲು. ಅಜ್ಜಿ ಅವನ ಬೆನ್ನಿಗೆ ಒಂದು ಹೊಡೆದು ಇಬ್ಬರೂ ನಕ್ಕರು.

'ಯು ಟರ್ನ್'ನಲ್ಲಿ ಡಬಲ್ ರೋಡ್ ಫ್ಲೈಓವರ್ ಮೇಲಿನ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸೋರ ಕಥೆ. ಪವನ್ ಕುಮಾರ್ 2016ರಲ್ಲಿ ಮಾಡಿದ್ದು. ದೆವ್ವದ ಸಿನಿಮಾ ನೋಡಿ ಮಂಡ್ಯ ಬಾತ್‌ರೂಮಿಗೆ ಹುಬ್ಬಳ್ಳಿಯನ್ನ ಜೊತೆಗೆ ಕರ್ಕೊಂಡು ಹೋದ. ಇಷ್ಟು ಸಾಕು.

ಭಾನುವಾರ ಬೆಳಿಗ್ಗೆ ನನಗೆ ಟೆನ್ಷನ್ ಇತ್ತು. ಪಟ್ನಾ ಒಂದು ಅಂಕ ಕೊಟ್ಟಿದ್ದ ಸಿನಿಮಾ, ಜಾಸ್ತಿ ಮಾತು, ನಿಧಾನ. ಶುರು ಆಗೋ ಮೊದಲು ಅವನು ಟೈಟಲ್ ಅರ್ಥ ಕೇಳಿದ. ಕುಂದಾಪುರ ಹಿಂದಿಯಲ್ಲಿ ಒದ್ದಾಡ್ತಾ, ಗೋಧಿ ಅಂದ್ರೆ ಗೇಹೂಂ, ಬಾಡಿ ಸಾಧಾರಣ, ಕಳೆದುಹೋದವರ ಬಗ್ಗೆ ಪೇಪರಲ್ಲಿ ಹಾಕ್ತಾರಲ್ಲ ಅಂತ ಶುರು ಮಾಡಿದಳು. ಅವಳು ಮುಗಿಸೋ ಮೊದಲೇ ಅವನು 'ರಂಗ್ ಗೇಹುಆಂ' ಅಂದ. ಅವರ ಕಡೆನೂ ಅದೇ ಪದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದ, ಅವನು ಎಂಟನೇ ಕ್ಲಾಸಲ್ಲಿ ಇದ್ದಾಗ ಅವನ ನಾನಾ, ಅಂದ್ರೆ ಅಮ್ಮನ ಅಪ್ಪ, ಮರೆವಿನಿಂದ ಮನೆ ಬಿಟ್ಟು ಹೋಗಿ ಎರಡು ದಿನ ಸಿಕ್ಕಿರಲಿಲ್ಲ. ನೋಟೀಸ್ ಬರೆದಿದ್ದು ಇವನೇ, ಮನೆಯಲ್ಲಿ ಇವನ ಅಕ್ಷರ ಚೆನ್ನಾಗಿತ್ತು ಅಂತ. 'ಗೇಹುಆಂ' ಅಂತ ಬರೆಯುವಾಗ ನಾನಾ ಮುಖ ನೆನಪು ಮಾಡ್ಕೊಂಡರೆ ಬಣ್ಣ ಹೌದೋ ಅಲ್ವೋ ಗೊತ್ತಾಗಲಿಲ್ಲ ಅಂದ.

ಯಾರೂ ಏನೂ ಮಾತಾಡಲಿಲ್ಲ. ಒಂದೂವರೆ ವರ್ಷದಲ್ಲಿ ನಮಗೆ ಇದು ಗೊತ್ತಿರಲಿಲ್ಲ. ಹಿಂದಿ ಅಷ್ಟಾಗಿ ಬರದ ಅಜ್ಜಿ ನನ್ನ ಕಡೆ ನೋಡಿ 'ಸಿಕ್ಕಿದ್ರಾ ಕೇಳೋ' ಅಂದ್ರು. ಅವನಿಗೆ ಅಷ್ಟು ಕನ್ನಡ ಅರ್ಥ ಆಯ್ತು. ನಾನು ಕೇಳೋ ಮೊದಲೇ 'ಸಿಕ್ಕಿದ್ರು' ಅಂದ.

ಸಿನಿಮಾ ಹಾಕಿದ್ವಿ. ಅನಂತ್ ನಾಗ್ ಅಂಗಿ ಸರಿ ಮಾಡ್ಕೊಂಡು ದಾರಿ ಗೊತ್ತಿಲ್ಲದೆ ನಡೆಯೋವಾಗ ನಾನು ಸ್ಕ್ರೀನ್ ಬಿಟ್ಟು ಒಂದು ಸಲ ಅವನ ಕಡೆ ನೋಡಿದೆ. ಫೋನ್ ಕೈಯಲ್ಲಿ ಇರಲಿಲ್ಲ, ಟೀವಿ ಪಕ್ಕ ಚಾರ್ಜ್‌ಗೆ ಹಾಕಿದ್ದ. ಮುಗಿದಮೇಲೆ ಶೀಟ್ ತೆಗೆದು ಅವನ ಒಂದನ್ನ ಅವನೇ ಮೂರು ಮಾಡಿದ. ಇದು ಲೆಕ್ಕಕ್ಕೆ ಸಿಗದ ಭಾಗ. ಅಂಕದಿಂದ ಆಗೋದು ಇಷ್ಟೇ, ಎದ್ದು ಹೋಗದ ಹಾಗೆ ಎಲ್ಲರನ್ನೂ ಒಂದು ರೂಮಿನಲ್ಲಿ ಕೂರಿಸುತ್ತೆ. ಒಂದು ಅಂಕ ಅಂದ್ರೆ ಇಷ್ಟ ಇಲ್ಲ ಅಂತಲ್ಲ, ಇನ್ನೂ ಗೊತ್ತಿಲ್ಲ ಅಂತಲೂ ಇರಬಹುದು. ಸೊನ್ನೆಯನ್ನ ಮಾತ್ರ ಹೊರಗಿಟ್ಟು ಒಂದನ್ನ ಒಳಗೆ ಬಿಟ್ಟಿದ್ದು ಒಳ್ಳೇದಾಯ್ತು.

'ಆ ದಿನಗಳು' ನೋಡುವಾಗ ಪಟ್ನಾ ಎರಡು ಸಲ ಪಾಸ್ ಮಾಡಿಸಿದ. ಸಬ್‌ಟೈಟಲ್‌ನಲ್ಲಿ ನೀನು, ನೀವು ಎರಡೂ ಒಂದೇ ಇಂಗ್ಲಿಷ್ ಪದ ಆಗುತ್ತೆ. ಯಾರು ಯಾರಿಗೆ ಬಗ್ಗುತ್ತಾರೆ ಅನ್ನೋದು ರೌಡಿ ಸಿನಿಮಾದಲ್ಲಿ ಅಲ್ಲೇ ಇರೋದು. ಮಂಡ್ಯ ಎದ್ದು ನಿಂತು ಪಾಠ ಮಾಡಿದ: 'ಲೋ ಅಂದ್ರೆ ತೂ, ಅಣ್ಣ ಅಂದ್ರೆ ಆಪ್, ಅಣ್ಣ ಅಂತ ಮೆಲ್ಲಗೆ ಅಂದ್ರೆ ಓಡು.' ಆರಕ್ಕೆ ಮುಗೀಬೇಕಿದ್ದ ಸಿನಿಮಾ ಆರೂಕಾಲಿಗೆ ಮುಗೀತು, ಕುಂದಾಪುರ ಆಟೋದಲ್ಲಿ ಓಡಿದಳು.

ಪ್ರಾಜೆಕ್ಟ್ ಟೀಮ್‌ನಲ್ಲಿ ಪಟ್ನಾ ಹೆಸರು ನಮ್ಮ ಜೊತೆ ಇದೆ. ಮುಂದಿನ ಮ್ಯಾರಥಾನ್ ಥೀಮ್ ಆರಿಸೋ ಸರದಿಯೂ ಅವನದ್ದೇ. 'ಮಳೆ' ಅಂದಿದ್ದಾನೆ, ಕನ್ನಡದಲ್ಲೇ. ಮಂಡ್ಯ ತಕ್ಷಣ 'ಮುಂಗಾರು ಮಳೆ' ಹಾಕಿ ಮೂರು ಕೊಟ್ಟ, ನಾವೂ ಕೊಟ್ವಿ. ಶೀಟ್‌ನಲ್ಲಿ ಸದ್ಯ ಒಂದೇ ಒಂದು ಸೊನ್ನೆ ಇದೆ, ಅಜ್ಜಿದು. ಕಾರಣ ಕೇಳಿದರೆ, 'ಆ ಮೊಲ ಸಾಯುತ್ತೆ, ನನ್ನ ಕೈಲಿ ಇನ್ನೊಂದು ಸಲ ಆಗಲ್ಲ' ಅಂದ್ರು. ರೂಲ್ ಅಂದ್ರೆ ರೂಲ್. ಬೇರೆ ಹೆಸರು ಹುಡುಕ್ತಿದ್ದೀವಿ.